ಕೊನೆಯ ಸಾಲಿಗೆ ಕಾಣುವ ಅಕ್ಷರ

ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವುದು ಮನೆಯವರಿಗೆಲ್ಲ ಗೊತ್ತು. ಅಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಮೆಣಸಿನಕಾಯಿ ಎಂದೇ ಕರೆಯುವುದು. ಆದರೆ ಅತ್ತಿಗೆಯ ವಿಷಯದಲ್ಲಿ ಬಂದ ಸಿಟ್ಟು ಬೇರೆ. ಅದು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಅತ್ತಿಗೆ ಮತ್ತು ನಾನು ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇವೆ. ಅವರು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸು, ನಾನು ಪ್ರಚಾರ ವಿಭಾಗದಲ್ಲಿ ವಿನ್ಯಾಸ ಮಾಡುವವಳು. ಕೈ ತೊಳೆಯಿರಿ ಎನ್ನುವ ಬೋರ್ಡಿನಿಂದ ಹಿಡಿದು ವಾರ್ಷಿಕ ಸಭೆಯ ಸ್ಲೈಡುಗಳ ತನಕ ಆ ಕಟ್ಟಡದಲ್ಲಿ ಕಣ್ಣಿಗೆ ಬೀಳುವ ಅಕ್ಷರಗಳೆಲ್ಲ ನನ್ನ ಮೇಜನ್ನು ಹಾದೇ ಹೋಗುತ್ತವೆ. ಬೆಳಿಗ್ಗೆ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಅತ್ತಿಗೆ ಗೇಟಿನ ಬಳಿ ಬಲಕ್ಕೆ ತಿರುಗಿ ವಾರ್ಡಿಗೆ ಹೋಗುತ್ತಿದ್ದರು, ನಾನು ಎಡಕ್ಕೆ. ಕಳೆದ ಮಳೆಗಾಲದಿಂದ ಅವರೂ ಎಡಕ್ಕೇ ತಿರುಗತೊಡಗಿದರು. ಯಾಕೆಂದರೆ ಅವರನ್ನು ವಾರ್ಡಿನಿಂದ ತೆಗೆದು, ಹಾಸಿಗೆ ಬಟ್ಟೆ ಇಡುವ ಉಗ್ರಾಣಕ್ಕೆ ಹಾಕಿದ್ದರು. ಔಷಧಿ ಮುಟ್ಟಕೂಡದು ಎಂಬ ಆದೇಶ ಬೇರೆ.

ಅವರು ಮಾಡಿದ ಅಪರಾಧ ಇಷ್ಟು. ಒಂದು ಮಧ್ಯಾಹ್ನ ಔಷಧಿ ಬೆರೆಸಲು ಉಪ್ಪುನೀರಿನ, ಅಂದರೆ ಸಲೈನಿನ, ಸಣ್ಣ ಬಾಟಲಿ ಬೇಕಾಗಿತ್ತು. ಕಪಾಟಿನಿಂದ ತೆಗೆದರು, ಸಿರಿಂಜಿಗೆ ಎಳೆದುಕೊಂಡರು. ರೋಗಿಯ ಹತ್ತಿರ ಹೋಗುವ ಮುಂಚೆ ರೂಢಿಯಂತೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಅದು ಉಪ್ಪುನೀರಲ್ಲ, ಗಾಢವಾದ ಪೊಟ್ಯಾಸಿಯಂ. ಅದನ್ನು ಹಾಗೇ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಅತ್ತಿಗೆ ಸಿರಿಂಜನ್ನು ಅಲ್ಲೇ ಬಿಸಾಡಿದರು, ರೋಗಿಗೆ ಏನೂ ಆಗಲಿಲ್ಲ. ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ನಾಳೆ ಇನ್ನೊಬ್ಬರ ಕೈಗೆ ಅದೇ ಬಾಟಲಿ ಬಂದರೆ ಏನು ಗತಿ ಎಂದುಕೊಂಡು ತಾವೇ ಹೋಗಿ ಮೇಲಿನವರಿಗೆ ವರದಿ ಮಾಡಿದರು.

ಮಾಡಿದ ಪುಣ್ಯಕ್ಕೆ ಉಗ್ರಾಣ ಸಿಕ್ಕಿತು. ವಿಚಾರಣೆ ನಡೆಸಿದ್ದು ಆಸ್ಪತ್ರೆಯ ಮುಖ್ಯಸ್ಥರು. ನಾವೆಲ್ಲ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತೇವೆ. ಅವರು ಬರೆಸಿದ ಆದೇಶದಲ್ಲಿ ಇದ್ದದ್ದು ಒಂದೇ ಕಾರಣ: ಲೇಬಲ್ ಓದಿ ತಿಳಿಯುವ ಹೊಣೆ ಸಂಪೂರ್ಣವಾಗಿ ಓದುವವರದು. ಅತ್ತಿಗೆ ಆ ಎರಡೂ ಬಾಟಲಿಗಳನ್ನು ಅವರ ಮೇಜಿನ ಮೇಲೆ ಇಟ್ಟು ತೋರಿಸಿದ್ದರಂತೆ. ಎರಡಕ್ಕೂ ಅದೇ ತಿಳಿನೀಲಿ ಪಟ್ಟಿ. ಎರಡರ ಮೇಲೂ ಕಂಪನಿಯ ಹೆಸರು ಎದ್ದು ಕಾಣುವಂತೆ ದಪ್ಪವಾಗಿತ್ತು, ಒಳಗಿರುವ ಔಷಧಿಯ ಹೆಸರು ಮಾತ್ರ ಕೂದಲೆಳೆಯಂಥ ಅಕ್ಷರದಲ್ಲಿ, ಬೂದು ಬಣ್ಣದಲ್ಲಿ. ದೊಡ್ಡ ಡಾಕ್ಟರು ಕನ್ನಡಕ ಹಾಕಿಕೊಂಡು, ಬಾಟಲಿಯನ್ನು ಮೂಗಿನ ಹತ್ತಿರ ತಂದು, ಸರಾಗವಾಗಿ ಓದಿ, "ಕಾಣ್ತಾ ಇದೆಯಲ್ಲಮ್ಮ" ಎಂದರಂತೆ. ಕುರ್ಚಿಯಲ್ಲಿ ಕೂತು, ಫ್ಯಾನಿನ ಕೆಳಗೆ, ಒಂದು ಕೈಯಲ್ಲಿ ಚಹಾ ಹಿಡಿದು ಓದಿದರೆ ಯಾರಿಗೆ ತಾನೇ ಕಾಣುವುದಿಲ್ಲ. ಇದನ್ನು ಕೇಳಿದಾಗಲೇ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಉಳಿದದ್ದು ಒಂದೇ ದಾರಿ. ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಸಿಬ್ಬಂದಿಯೆಲ್ಲ ಸೇರುವ ಸುರಕ್ಷತಾ ಸಭೆಯಲ್ಲಿ, ಆ ವರ್ಷದ ಅಚಾತುರ್ಯಗಳನ್ನು ಅದರಲ್ಲಿ ಇದ್ದವರೇ ವೇದಿಕೆ ಹತ್ತಿ ಹೇಳಬೇಕು. ಶುರುಮಾಡಿದವರ ಉದ್ದೇಶ ಒಳ್ಳೆಯದೇ ಇದ್ದೀತು. ಈಗ ಅದು ತಲೆ ತಗ್ಗಿಸಿ ನಿಂತು ತಪ್ಪಾಯಿತು ಎಂದು ಹೇಳಿ ಇಳಿಯುವ ಕಾರ್ಯಕ್ರಮ ಆಗಿಬಿಟ್ಟಿದೆ. ಸಭೆ ಮುಗಿದ ಮೇಲೆ ಅವರನ್ನು ಹಳೆಯ ಕೆಲಸಕ್ಕೆ ವಾಪಸ್ ಹಾಕಬೇಕೋ ಬೇಡವೋ ಎಂದು ಸಮಿತಿ ತೀರ್ಮಾನಿಸುತ್ತದೆ.

"ಸುಮ್ನೆ ತಪ್ಪಾಯ್ತು ಅಂತ ಹೇಳಿ ಬಂದ್ಬಿಡು" ಎಂದ ಅಣ್ಣ, ರಾತ್ರಿ ಊಟಕ್ಕೆ ಕೂತಾಗ. "ವಾಪಸ್ ವಾರ್ಡಿಗೆ ಹಾಕ್ತಾರೆ. ಅವರ ಹತ್ರ ವಾದ ಮಾಡಿ ಗೆದ್ದೋರುಂಟಾ?"

ಅತ್ತಿಗೆ ತಟ್ಟೆ ನೋಡುತ್ತಲೇ ಹೇಳಿದರು. "ನಾನು ಓದಿದ್ದಕ್ಕೇ ಆ ಮನುಷ್ಯ ಬದುಕಿದ್ದು ರೀ. ಓದಲಿಲ್ಲ ಅಂತ ನನ್ನ ಬಾಯಲ್ಲೇ ಹೇಳು ಅಂದ್ರೆ ಹೇಗೆ ಹೇಳಲಿ?"

ನಾನು ತಟ್ಟೆ ತೊಳೆದಿಟ್ಟು ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟೆ.

ಸ್ಲೈಡು ಮಾಡುವುದೆಂದರೆ ಇದ್ದಬದ್ದದ್ದನ್ನೆಲ್ಲ ತುರುಕುವುದು ಎಂದುಕೊಂಡವರೇ ಹೆಚ್ಚು. ಅತ್ತಿಗೆಯೂ ಮೂರು ಪುಟ ಬರೆದುಕೊಂಡು ಕೂತಿದ್ದರು. ಅದು ನಿಮ್ಮ ಬಾಯಲ್ಲಿ ಬರಲಿ, ತೆರೆಯ ಮೇಲೆ ಬೇಡ ಎಂದೆ. ಕೊನೆಗೆ ನಾಲ್ಕೇ ಸ್ಲೈಡು ಎಂದಾಯಿತು. ಏನಾಯಿತು ಎನ್ನುವುದು ಒಂದು. ಎರಡು ಲೇಬಲ್‌ಗಳು ಅಕ್ಕಪಕ್ಕ, ಕೆಳಗೆ ಅವುಗಳಲ್ಲಿ ಬರೆದದ್ದೇನು ಎನ್ನುವುದು ಎರಡನೆಯದು. ಇನ್ನೆರಡು ವಾರ್ಡುಗಳಲ್ಲಿ ಇದೇ ಬಾಟಲಿಗಳು ಅದಲುಬದಲಾಗಿ ಕೈಗೆ ಬಂದಿದ್ದವು ಎನ್ನುವುದು ಮೂರನೆಯದು. ಬೇರೆ ಬಣ್ಣದ ಪಟ್ಟಿ, ಬೇರೆ ಕಪಾಟು ಎನ್ನುವ ಬೇಡಿಕೆ ಕೊನೆಯದು.

"ಎಲ್ಲಾ ಒಂದೇ ಫಾಂಟ್ ಹಾಕಿದ್ರೆ ಆಗಲ್ವೇನೇ?" ಎಂದು ಕೇಳಿದರು ಅತ್ತಿಗೆ.

"ಆಗುತ್ತೆ. ಒಂದೇ ಮನೆತನದ ಅಕ್ಷರಾನೇ ದಪ್ಪದ್ದು ಶೀರ್ಷಿಕೆಗೆ, ಮಾಮೂಲಿದು ಕೆಳಗಿನ ಸಾಲಿಗೆ ಹಾಕ್ಬಹುದು. ಇಲ್ಲಾ ಎರಡು ಬೇರೆ ಬೇರೆ ಫಾಂಟ್ ಜೋಡಿ ಮಾಡ್ಬಹುದು. ಆದ್ರೆ ಬೇರೆ ಅಂದ್ರೆ ಬೇರೆ ಅಂತ ದೂರದಿಂದಲೇ ಗೊತ್ತಾಗ್ಬೇಕು. ಅರ್ಧಂಬರ್ಧ ಹೋಲೋ ಎರಡನ್ನ ಪಕ್ಕಪಕ್ಕ ಇಟ್ರೆ ಕಣ್ಣಿಗೆ ಯಾವುದು ಯಾವುದು ಅಂತ ತಿಳಿಯಲ್ಲ, ಬರೀ ಕಿರಿಕಿರಿ."

ಅತ್ತಿಗೆ ಬಹಳ ದಿನದ ಮೇಲೆ ನಕ್ಕರು. "ಇದನ್ನ ಆ ಬಾಟಲಿ ಕಂಪನಿಯವರಿಗೆ ಯಾರಾದ್ರೂ ಹೇಳ್ಬಾರದಿತ್ತಾ?"

ಕೊನೆಗೆ ಶೀರ್ಷಿಕೆಗೆ ಒಂದು ದಪ್ಪನೆಯ, ಒಳಗಿನ ಬಿಳಿ ಜಾಗ ಮುಚ್ಚಿಹೋಗದ ಅಕ್ಷರ ಆರಿಸಿದೆ. ಕೆಳಗಿನ ಸಾಲುಗಳಿಗೆ ಅಲಂಕಾರವಿಲ್ಲದ, ಎಲ್ಲ ಕಡೆ ಗೆರೆ ಒಂದೇ ಸಮ ಇರುವ ಅಕ್ಷರ. ತೆಳುಗೆರೆಯ ಅಕ್ಷರ ಕಾಗದದ ಮೇಲೆ ಚೆಂದ, ಪ್ರೊಜೆಕ್ಟರಿನ ಬೆಳಕಿಗೆ ಬಿದ್ದರೆ ಆ ಗೆರೆಯನ್ನು ಬೆಳಕೇ ನುಂಗಿಬಿಡುತ್ತದೆ. ನಮ್ಮ ಅಕ್ಷರಗಳಿಗೋ, ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಡಿಕ್ಕಿ ಹೊಡೆಯದ ಹಾಗೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಅಳತೆ ಶೀರ್ಷಿಕೆಗೆ ಐವತ್ತನಾಲ್ಕು ಪಾಯಿಂಟ್, ಕೆಳಗಿನದಕ್ಕೆ ಮೂವತ್ತಾರು. ಮೂವತ್ತಾರಕ್ಕಿಂತ ಇಳಿಯುವುದಿಲ್ಲ ಎಂದು ಗಟ್ಟಿಮಾಡಿಕೊಂಡೆ. ಹಿಡಿಸದಿದ್ದರೆ ಮಾತು ಕಡಿಮೆಯಾಗಲಿ, ಅಕ್ಷರ ಚಿಕ್ಕದಾಗುವುದು ಬೇಡ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಖಾಲಿ ಸಭಾಂಗಣಕ್ಕೆ ಹೋಗಿ ತೆರೆಯ ಮೇಲೆ ಹಾಕಿ ನೋಡಿದೆವು. ಎಂಟುನೂರು ಜನ ಹಿಡಿಸುವ ಜಾಗ ಅದು. ಜನ ಓಡಾಡಲು ಅನುಕೂಲವಾಗಲೆಂದು ಸಭೆಯ ಹೊತ್ತಿನಲ್ಲೂ ಅರ್ಧ ದೀಪ ಉರಿಯುತ್ತಲೇ ಇರುತ್ತದೆ. ಹಾಗಾಗಿ ನಾನೂ ಅರ್ಧ ದೀಪ ಹಾಕಿಯೇ ನೋಡಿದೆ. ಅತ್ತಿಗೆಯನ್ನು ಕೊನೆಯ ಸಾಲಿನ ಮೂಲೆ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ತೆಗೆದು ಓದಿ ಎಂದೆ. ಅವರು ಕಣ್ಣು ಕಿರಿದು ಮಾಡದೆ, ಶೀರ್ಷಿಕೆಯಿಂದ ಹಿಡಿದು ಕೊನೆಯ ಒತ್ತಿನ ತನಕ ಗಟ್ಟಿಯಾಗಿ ಓದಿ ಮುಗಿಸಿದರು. ಬಿಳಿಯ ಹಿನ್ನೆಲೆ, ಕಡುನೀಲಿ ಅಕ್ಷರ. ನನಗೆ ಜೀವ ತಂಪಾಯಿತು.

ಆ ತಂಪು ಪ್ರಚಾರ ವಿಭಾಗದ ಬಾಗಿಲು ದಾಟುವ ತನಕ ಮಾತ್ರ ಇತ್ತು. ನಮ್ಮ ವಿಭಾಗದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಲೋಗೋ ಸಾಹೇಬ್ರು. ಏನು ತೋರಿಸಿದರೂ ಅವರ ಬಾಯಿಂದ ಮೊದಲು ಬರುವ ಮಾತು, ಲೋಗೋ ಸ್ವಲ್ಪ ದೊಡ್ಡದು ಮಾಡಿ. ಸಭೆಯ ಸ್ಲೈಡುಗಳೆಲ್ಲ ಅವರು ಹೊಸದಾಗಿ ಮಾಡಿಸಿದ ಟೆಂಪ್ಲೇಟಿನಲ್ಲೇ ಇರಬೇಕು ಎಂದು ಸುತ್ತೋಲೆ ಹೊರಡಿಸಿದ್ದರು. ಆ ಟೆಂಪ್ಲೇಟಿನಲ್ಲಿ ಮೇಲೊಂದು ಅಗಲದ ಪಟ್ಟಿ, ಅದರಲ್ಲಿ ಲೋಗೋ, ಆಸ್ಪತ್ರೆಯ ಘೋಷವಾಕ್ಯ, ಕಟ್ಟಡದ ಚಿತ್ರ. ಶೀರ್ಷಿಕೆಗೆ ಮದುವೆಯ ಕಾಗದದ ಮೇಲೆ ಇರುವಂಥ ಬಳುಕುವ ಅಕ್ಷರ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೀಚಿದಂಥ ತೆಳು ಅಕ್ಷರ, ತಿಳಿನೀಲಿಯ ಮೇಲೆ ಬೂದು ಬಣ್ಣದಲ್ಲಿ, ಹದಿನಾಲ್ಕು ಪಾಯಿಂಟ್.

"ನೋಡಿ ಎಷ್ಟು ಕ್ಲಾಸಾಗಿದೆ" ಎಂದರು ಲೋಗೋ ಸಾಹೇಬ್ರು, ಮೊಣಕೈ ಊರಿಕೊಂಡು ತಮ್ಮ ಮೇಜಿನ ದೊಡ್ಡ ಮಾನಿಟರಿಗೆ ಮುಖ ಕೊಟ್ಟು. "ನಿಮ್ಮದು ಬಸ್ ಸ್ಟ್ಯಾಂಡಿನ ಬೋರ್ಡ್ ಥರ ಇದೆ."

"ಬಸ್ ಸ್ಟ್ಯಾಂಡಿನ ಬೋರ್ಡ್ ದೂರದಿಂದ ಕಾಣ್ಲಿ ಅಂತಾನೇ ಹಾಕೋದು ಸಾರ್. ಹಾಲ್‌ನಲ್ಲಿ ಈ ಹದಿನಾಲ್ಕು ಪಾಯಿಂಟ್ ಕಾಣಲ್ಲ."

"ಯಾಕೆ ಕಾಣಲ್ಲ? ತೆರೆ ಎಷ್ಟು ದೊಡ್ಡದಿದೆ."

ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ. ತೆರೆ ದೊಡ್ಡದಿದ್ದರೆ ಸಾಲದು, ಅದು ಎಷ್ಟು ದೂರದಲ್ಲಿದೆ ಎನ್ನುವುದೂ ಬೇಕು. ನಮ್ಮ ಹಾಲಿನ ಕೊನೆಯ ಸಾಲು ತೆರೆಯ ಎತ್ತರದ ಒಂಬತ್ತರಷ್ಟು ದೂರ. ಅಂದರೆ ಅಲ್ಲಿ ಕೂತವರಿಗೆ ಆ ಮಹಾ ತೆರೆ ಕಾಣುವುದು, ಲ್ಯಾಪ್‌ಟಾಪನ್ನು ಅದರ ತೆರೆಯ ಎತ್ತರದ ಒಂಬತ್ತರಷ್ಟು ದೂರ ಇಟ್ಟರೆ ಕಾಣುವಷ್ಟೇ. ನಾನು ಅವರದೇ ಟೆಂಪ್ಲೇಟನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಅಲ್ಲಿಂದ ಎರಡು ದೊಡ್ಡ ಹೆಜ್ಜೆ ಹಿಂದೆ ನಿಂತು ಓದಿ ಸಾರ್. ಕೊನೇ ಸಾಲಲ್ಲಿ ಕೂತ ಹಾಗೆ."

ಸಾಹೇಬರು ಎದ್ದು ನಿಂತರು. ಹಿಂದೆ ಸರಿದರು. ಸರಿದವರು ಸೊಂಟದಿಂದ ಮುಂದಕ್ಕೆ ಬಾಗಿದರು. ಕತ್ತು ಕೊಕ್ಕರೆಯ ಹಾಗೆ ಉದ್ದವಾಯಿತು.

"ಬಾಗಬಾರದು ಸಾರ್" ಎಂದೆ.

ನೆಟ್ಟಗೆ ನಿಂತರು. ಶೀರ್ಷಿಕೆಯನ್ನು ಊಹೆಯ ಮೇಲೆ ಓದಿದರು, ಅದರ ಕೆಳಗಿನದಕ್ಕೆ ಬಾಯಿ ತೆರೆಯಲಿಲ್ಲ. ಆಮೇಲೆ ಕುರ್ಚಿಗೆ ಬಂದು ಕೂತು, "ಯಾರಮ್ಮ ಸ್ಲೈಡ್ ಓದ್ತಾರೆ, ಭಾಷಣ ಕೇಳ್ತಾರೆ" ಎಂದರು. ಹಾಗಾದರೆ ಸುತ್ತೋಲೆ ಯಾಕೆ, ಟೆಂಪ್ಲೇಟ್ ಯಾಕೆ, ನಾನಾದರೂ ಯಾಕೆ ಎಂಬ ಮಾತು ಗಂಟಲ ತನಕ ಬಂತು. ಅತ್ತಿಗೆಯ ಮುಖ ನೆನಪಾಗಿ ನುಂಗಿಕೊಂಡೆ.

ಕೊನೆಗೆ ಒಂದು ರಾಜಿಯಾಯಿತು. ಪಟ್ಟಿ, ಲೋಗೋ, ಹಿನ್ನೆಲೆ ಅವರದ್ದು. ಅಕ್ಷರದ ಜೋಡಿ, ಅಳತೆ ನನ್ನದು. ಅವರ ತಿಳಿನೀಲಿಯ ಮೇಲಿನ ಬೂದು ಬಣ್ಣ ತೆಗೆದು ನನ್ನ ಕಡುನೀಲಿ ಇಟ್ಟೆ. ನಾಲ್ಕು ಸ್ಲೈಡನ್ನೂ ಅವರ ಕಣ್ಣೆದುರೇ ಕೂಡಿಸಿದೆ. ಅವರೇ ತಲೆಯಾಡಿಸಿ, ಸಭೆಯ ಒಟ್ಟು ಫೈಲಿಗೆ ಸೇರಿಸಿಕೊಂಡರು. ಆದರೂ ನನಗೆ ಆ ಮನುಷ್ಯನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಖಾಲಿ ಹಾಲಿನಲ್ಲಿ ಅತ್ತಿಗೆ ಓದಿದ್ದ ಮೊದಲಿನ ಸ್ಲೈಡುಗಳನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು, ಅತ್ತಿಗೆಗೂ ಹೇಳಿಟ್ಟೆ. ಪಿಡಿಎಫ್ ಆದರೆ ಬೇರೆ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿ ಬಿಡಲಿ, ಅಕ್ಷರ ಕದಲುವುದಿಲ್ಲ.

ಸಭೆಯ ದಿನ ನನ್ನ ಕೆಲಸ ಹಾಲಿನ ಹಿಂದೆ, ಕೊನೆಯ ಸಾಲಿನ ಬೆನ್ನಿಗೆ ಇರುವ ಕಂಪ್ಯೂಟರಿನ ಮುಂದೆ ಕೂತು ಸ್ಲೈಡು ಬದಲಿಸುವುದು. ಲೋಗೋ ಸಾಹೇಬ್ರು ಬಂದು, "ಒಪ್ಪಿಗೆಯಾದ ಫೈಲ್ ಬಿಟ್ಟು ಬೇರೇನೂ ಹಾಕೋ ಹಾಗಿಲ್ಲ" ಎಂದು ಬೆರಳು ತೋರಿಸಿ ಹೇಳಿ, ಮುಂದೆ ಹೋಗಿ ದೊಡ್ಡ ಡಾಕ್ಟರ ಪಕ್ಕದ ಸೋಫಾದಲ್ಲಿ ಕೂತರು. ಅಧಿಕಾರಿಗಳಿಗೆ ಮೊದಲ ಸಾಲು, ಸೋಫಾ. ವಾರ್ಡಿನ ನರ್ಸುಗಳು, ಔಷಧಿ ಹಂಚುವವರು, ಕಪಾಟು ತುಂಬಿಸುವವರು, ಅಂದರೆ ಆ ಬಾಟಲಿಗಳನ್ನು ದಿನಾ ಮುಟ್ಟುವವರೆಲ್ಲ ಕೊನೆಯ ಸಾಲುಗಳಲ್ಲಿ. ಯಾವಾಗಲೂ ಹೀಗೇ. ನಮ್ಮ ಸ್ಲೈಡುಗಳನ್ನು ಒಪ್ಪಿಕೊಳ್ಳುವವರು ಯಾರೂ ಅವುಗಳನ್ನು ಹಿಂದಿನಿಂದ ನೋಡಿದವರಲ್ಲ.

ಮೊದಲಿನ ಮೂವರು ವೇದಿಕೆಗೆ ಬಂದು ತಪ್ಪಾಯಿತು ಎಂದು ಹೇಳಿ ಇಳಿದರು. ಆಮೇಲೆ ಅತ್ತಿಗೆಯ ಸರದಿ. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡಿದ್ದರು. ಉಗ್ರಾಣದಲ್ಲಿ ಅದು ಬೇಕಾಗಿಲ್ಲ, ಆದರೂ ಆ ದಿನ ಬೇಕೆಂದೇ ಹಾಕಿದ್ದರು. ಮೈಕಿನ ಮುಂದೆ ನಿಂತು, ಮೊದಲ ಸ್ಲೈಡಿಗೂ ಕಾಯದೆ, ನಡೆದದ್ದನ್ನು ನೇರವಾಗಿ ಹೇಳಿದರು. ಆಮೇಲೆ, "ಆ ಎರಡು ಲೇಬಲ್ ಹೀಗಿದ್ದವು" ಎಂದು ತೆರೆಯ ಕಡೆ ಕೈ ತೋರಿಸಿದರು. ನಾನು ನೇರ ಎರಡನೆಯ ಸ್ಲೈಡಿಗೆ ಗುಂಡಿ ಒತ್ತಿದೆ.

ತೆರೆಯ ಅರ್ಧಕ್ಕೆ ಲೋಗೋ ಬಂತು. ಅರ್ಧ ಎಂದರೆ ಉತ್ಪ್ರೇಕ್ಷೆಯಲ್ಲ. ನನ್ನ ಕಣ್ಣು ತಪ್ಪಿಸಿ ಆ ಮಹಾಶಯ ಪಟ್ಟಿಯನ್ನು ಇನ್ನಷ್ಟು ಎಳೆದಿದ್ದರು. ಪಟ್ಟಿ ಕೆಳಗೆ ಇಳಿದಂತೆ ಮಾತಿನ ಪೆಟ್ಟಿಗೆ ಚಿಕ್ಕದಾಗಿದೆ. ಪೆಟ್ಟಿಗೆ ಚಿಕ್ಕದಾದರೆ ಒಳಗಿನ ಅಕ್ಷರವನ್ನು ತಾನಾಗಿಯೇ ಕುಗ್ಗಿಸಿ ಹಿಡಿಸಿಬಿಡುವ ಗುಣ ಆ ಸಾಫ್ಟ್‌ವೇರಿಗೆ ಇದೆ. ನನ್ನ ಮೂವತ್ತಾರು ಹದಿಮೂರಾಗಿತ್ತು. ಸಾಲುಗಳ ನಡುವಿನ ಜಾಗವನ್ನೂ ಅದು ತಿಂದುಹಾಕಿ, ಒತ್ತುಗಳು ಕೆಳಗಿನ ಸಾಲಿನ ಮೇಲೆ ಹತ್ತಿ ಕೂತಿದ್ದವು. ಶೀರ್ಷಿಕೆಗೆ ಮತ್ತೆ ಅದೇ ಮದುವೆ ಕಾಗದದ ಅಕ್ಷರ ತಂದಿದ್ದರು. ಲೇಬಲ್‌ಗಳ ಚಿತ್ರಗಳು ಎರಡು ಅಂಚೆಚೀಟಿಗಳಷ್ಟಾಗಿ ಮೂಲೆ ಸೇರಿದ್ದವು. ಇದನ್ನು ಅವರು ತಮ್ಮ ಮಾನಿಟರಿಗೆ ಮೊಣಕೈ ಊರಿಕೊಂಡು ನೋಡಿ, ಕ್ಲಾಸಾಗಿದೆ ಎಂದುಕೊಂಡಿರುತ್ತಾರೆ. ಅತ್ತಿಗೆಯ ಇಷ್ಟು ತಿಂಗಳ ಅವಮಾನಕ್ಕೆ ಇದ್ದ ಒಂದೇ ಉತ್ತರವನ್ನು ಒಂದು ಲೋಗೋಕ್ಕಾಗಿ ಅಳಿಸಿಹಾಕಿದ್ದರು.

ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ನರ್ಸೊಬ್ಬರು ಕತ್ತು ನೀಡಿದರು. ಪಕ್ಕದವರು ಎದ್ದು ನಿಂತರು. ಅವರ ಮುಂದಿನ ಸಾಲಿನವರೂ ಎದ್ದರು. "ಏನೂ ಕಾಣ್ತಿಲ್ಲ" ಎಂದು ಯಾರೋ ಕೂಗಿದರು. ಇನ್ನೊಂದು ಮೂಲೆಯಿಂದಲೂ ಅದೇ ಮಾತು ಬಂತು. ಹಿಂದಿನ ಹತ್ತು ಸಾಲು ಗುಜುಗುಜು ಎಂದಿತು.

ದೊಡ್ಡ ಡಾಕ್ಟರಿಗೆ ಸಭೆ ಕೈಮೀರುವುದು ಹಿಡಿಸುವುದಿಲ್ಲ. ಅವರು ಎದ್ದು ಹಿಂದೆ ತಿರುಗಿದರು. ಮೊದಲ ಸಾಲಿನವರ ಕೈಯಲ್ಲಿ ಸದಾ ಒಂದು ಮೈಕು ಇರುತ್ತದೆ.

"ಯಾರು ಸ್ಲೈಡ್ ಮಾಡಿದ್ದು?" ಎಂದು ಕೇಳಿದರು.

ಲೋಗೋ ಸಾಹೇಬ್ರು ಅವರ ಪಕ್ಕದಲ್ಲೇ ಇದ್ದರು. ಎದ್ದು ನಾನು ಎನ್ನಬಹುದಿತ್ತು. ಕೈಯೆತ್ತಿ ಹಾಲಿನ ಹಿಂಭಾಗಕ್ಕೆ, ನನ್ನ ಕಡೆಗೆ ತೋರಿಸಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಪಾರಾದರು. ಎಂಟುನೂರು ತಲೆ ನನ್ನತ್ತ ತಿರುಗಿದವು.

ದೊಡ್ಡ ಡಾಕ್ಟರು ನನ್ನನ್ನು ನೋಡುತ್ತ, ಮೈಕಿನಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದರು. "ಏನಮ್ಮ, ಇಷ್ಟು ಜನಕ್ಕೆ ಓದಕ್ಕಾಗದ ಹಾಗೆ ಬರೆದ್ರೆ ಓದೋರು ಏನು ಮಾಡ್ಬೇಕು? ಓದಕ್ಕಾಗಿಲ್ಲ ಅಂದ್ರೆ ಅದು ಓದೋರ ತಪ್ಪಲ್ಲ. ಅಂಥಾ ಅಕ್ಷರ ಹಾಕಿದೋರ ತಪ್ಪು. ಇಷ್ಟು ಸಾಮಾನ್ಯ ಜ್ಞಾನ ಬೇಡ್ವಾ?"

ನನ್ನ ಬಾಯಲ್ಲಿ ಉತ್ತರ ರೆಡಿ ಇತ್ತು, ಪೆನ್‌ಡ್ರೈವು ಕೈಯಲ್ಲಿತ್ತು. ನಾನು ಮಾತಾಡುವ ಮುಂಚೆ ವೇದಿಕೆಯಿಂದ ಅತ್ತಿಗೆಯ ದನಿ ಬಂತು. ವಾರ್ಡಿನಲ್ಲಿ ರೋಗಿಗಳ ಜೊತೆ ಮಾತಾಡುವ ಅದೇ ಸಮಾಧಾನದ ದನಿ.

"ಸಾರ್, ಇನ್ನೊಂದ್ಸಲ ಹೇಳ್ತೀರಾ?"

ಅವರು ತಿರುಗಿ ನೋಡಿದರು. "ಏನನ್ನ?"

"ಈಗ ಹೇಳಿದ್ರಲ್ಲ. ಓದಕ್ಕಾಗಿಲ್ಲ ಅಂದ್ರೆ ತಪ್ಪು ಯಾರದ್ದು ಅಂತ."

ದೊಡ್ಡ ಡಾಕ್ಟರಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೈಕು ಹಿಡಿದ ಕೈ ನಿಧಾನಕ್ಕೆ ಕೆಳಗೆ ಬಂತು.

ಅತ್ತಿಗೆ ಕಾದು ನೋಡಿ, ತಾವೇ ಮುಂದುವರಿಸಿದರು. "ಈ ಸ್ಲೈಡ್ ಓದಕ್ಕಾಗಿಲ್ಲ ಅಂತ ಹಿಂದಿನ ಸಾಲಿನವರನ್ನ ನೀವು ಬೈಲಿಲ್ಲ ಸಾರ್. ಬೈಬಾರದು, ಸರಿ. ನನಗೆ ಬಂದ ಆದೇಶದಲ್ಲಿ ಮಾತ್ರ, ಲೇಬಲ್ ಓದಿ ತಿಳಿಯೋ ಹೊಣೆ ಸಂಪೂರ್ಣ ಓದೋರದ್ದು ಅಂತಿದೆ. ಎರಡರಲ್ಲಿ ಯಾವುದು ನಿಜ ಅಂತ ಹೇಳಿದ್ರೆ ನಾನು ಕೆಳಗಿಳೀತೀನಿ." ಇಷ್ಟು ಹೇಳಿ ನನ್ನ ಕಡೆ ನೋಡಿದರು. "ಮೊದಲು ನಾವು ಹಾಲ್‌ನಲ್ಲಿ ಓದಿ ನೋಡಿದ್ದು ಹಾಕಮ್ಮ. ಎಲ್ಲರೂ ಓದ್ಲಿ."

ನಾನು ಪೆನ್‌ಡ್ರೈವು ಚುಚ್ಚಿದೆ. ಲೋಗೋ ಸಾಹೇಬ್ರು ಸೋಫಾದಿಂದ ಅರ್ಧ ಎದ್ದು, ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಅವರು ಇಷ್ಟು ದೂರದಿಂದ ನನಗೆ ಕಾಣಲಿಲ್ಲ ಎಂದುಕೊಳ್ಳಲಿ. ಲೇಬಲ್‌ಗಳೆರಡೂ ತೆರೆ ತುಂಬ ಬಂದವು. ಅದೇ ತಿಳಿನೀಲಿ ಪಟ್ಟಿ, ಅದೇ ದಪ್ಪ ಕಂಪನಿ ಹೆಸರು, ಅದೇ ಕೂದಲೆಳೆ ಬರಹ. ಕೆಳಗೆ ನನ್ನ ದಪ್ಪ ಅಕ್ಷರದಲ್ಲಿ ಎಡಕ್ಕೆ ಉಪ್ಪುನೀರು, ಬಲಕ್ಕೆ ಪೊಟ್ಯಾಸಿಯಂ. ನನ್ನ ಮುಂದಿನ ಸಾಲಿನ ಹಿರಿಯ ನರ್ಸು ಅದನ್ನು ಬಾಯಿಬಿಟ್ಟು ಓದಿದರು. ಪಕ್ಕದವರು ಓದಿದರು. ಲೇಬಲ್ಲಿನ ಮೇಲಿನ ಹೆಸರನ್ನು ಮಾತ್ರ ತೆರೆ ತುಂಬ ಹಿಗ್ಗಿಸಿದ ಮೇಲೂ ಹಿಂದೆ ಕೂತ ಯಾರಿಗೂ ಓದಲಾಗಲಿಲ್ಲ.

"ನಮ್ಮ ವಾರ್ಡಲ್ಲೂ ಇದೇ ಬಾಟಲಿ" ಎಂದು ಯಾರೋ ಹೇಳಿದರು. ಇನ್ನೊಬ್ಬರು, ಮತ್ತೊಬ್ಬರು. ಅವರಲ್ಲಿ ಎಷ್ಟು ಜನ ತಮ್ಮ ಕೈತಪ್ಪನ್ನು ಹೆದರಿ ಮುಚ್ಚಿಟ್ಟುಕೊಂಡಿದ್ದರೋ. ಉಗ್ರಾಣಕ್ಕೆ ಹೋದವರನ್ನು ಕಂಡ ಮೇಲೆ ಯಾರು ತಾನೇ ವರದಿ ಮಾಡುತ್ತಾರೆ.

ದೊಡ್ಡ ಡಾಕ್ಟರು ತೆರೆಯಿಂದ ಕಣ್ಣು ತೆಗೆದು ಮತ್ತೆ ಮೈಕು ಎತ್ತಿದರು. ಆಮೇಲೆ, "ಸಮಿತಿಯಲ್ಲಿ ಪರಿಶೀಲಿಸೋಣ" ಎಂದರು.

"ಪರಿಶೀಲಿಸಿ ಸಾರ್. ಆದ್ರೆ ತಪ್ಪಾಯ್ತು ಅಂತ ನಾನು ಹೇಳಿಲ್ಲ, ಅದನ್ನ ಬರ್ಕೊಳ್ಳಿ" ಎಂದು ಹೇಳಿ ಅತ್ತಿಗೆ ವೇದಿಕೆ ಇಳಿದರು. ಚಪ್ಪಾಳೆ ಶುರುವಾದದ್ದು ಹಿಂದಿನ ಸಾಲುಗಳಿಂದ. ಮೊದಲ ಸಾಲಿಗೆ ಅದು ಕೊನೆಗೂ ತಲುಪಲಿಲ್ಲ.

ಮುಂದಿನ ವಾರ ಅತ್ತಿಗೆ ವಾರ್ಡಿಗೆ ಮರಳಿದರು. ಪೊಟ್ಯಾಸಿಯಂ ಬಾಟಲಿಗಳಿಗೆ ಕೆಂಪು ಪಟ್ಟಿ ಬಂತು, ಬೇರೆ ಕಪಾಟೂ ಬಂತು. ಮನೆಯಲ್ಲಿ ಅಣ್ಣ ಎಂದೂ ಇಲ್ಲದ್ದು, ಅಡುಗೆಮನೆಗೆ ಬಂದು ಚಹಾ ಮಾಡಿ ಇಬ್ಬರಿಗೂ ಕೊಟ್ಟ. ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು.

ಇಳಿಯಲಿಲ್ಲ. ಯಾಕೆಂದರೆ ಅದರ ಮಾರನೆಯ ದಿನ ಮುಖ್ಯ ಕಾರಿಡಾರಿನ ಗೋಡೆಗೆ ಒಂದು ಪ್ರಕಟಣೆ ಬಂತು. ಮೇಲೆ ಲೋಗೋ. ಅದರ ಕೆಳಗೆ ದೊಡ್ಡದಾಗಿ, ಔಷಧಿ ಸುರಕ್ಷತೆಯಲ್ಲಿ ಆಡಳಿತ ಮಂಡಳಿಯ ಹೊಸ ಹೆಜ್ಜೆ. ಅದರ ಕೆಳಗೆ ದೊಡ್ಡ ಡಾಕ್ಟರು ಕೆಂಪು ಪಟ್ಟಿಯ ಬಾಟಲಿ ಹಿಡಿದು ನಗುತ್ತಿರುವ ಚಿತ್ರ. ಎಲ್ಲಕ್ಕಿಂತ ಕೆಳಗೆ, ಅಂಚಿಗೆ ಅಂಟಿಕೊಂಡು, ಬೂದು ಬಣ್ಣದಲ್ಲಿ ಇರುವೆ ಸಾಲಿನಂತೆ ಒಂದು ವಾಕ್ಯ. ನಾನು ಗೋಡೆಗೆ ಮೂಗು ತಾಗಿಸಿ ಓದಿದೆ. ಶಸ್ತ್ರಚಿಕಿತ್ಸೆ ವಾರ್ಡಿನ ನರ್ಸಿನ ಮೇಲಿದ್ದ ಆದೇಶವನ್ನು ರದ್ದುಪಡಿಸಲಾಗಿದೆ, ಲೋಪವು ಲೇಬಲ್ಲಿನದೆಂದು ಸಮಿತಿ ಕಂಡುಕೊಂಡಿದೆ.

ಅತ್ತಿಗೆಯನ್ನು ಉಗ್ರಾಣಕ್ಕೆ ಹಾಕಿದ ಆದೇಶವನ್ನು ಇದೇ ಗೋಡೆಗೆ, ಇಡೀ ಕಾರಿಡಾರಿಗೆ ಕಾಣುವ ಹಾಗೆ ಹಚ್ಚಿದ್ದರು. ಬೈಯುವಾಗ ಸಿಕ್ಕಿದ ದಪ್ಪ ಅಕ್ಷರ, ತಪ್ಪು ಒಪ್ಪಿಕೊಳ್ಳುವಾಗ ಇವರಿಗೆ ಸಿಗುವುದಿಲ್ಲ.

ನನ್ನ ಮೇಜಿಗೆ ಹೋದೆ. ಆ ಒಂದು ವಾಕ್ಯವನ್ನು ಒಂದು ಪದವನ್ನೂ ಬದಲಿಸದೆ ಟೈಪ್ ಮಾಡಿದೆ. ಹಾಲಿಗೆಂದು ಆರಿಸಿದ್ದ ಅದೇ ಜೋಡಿ, ದಪ್ಪದ್ದು ಮೇಲೆ, ಸಮಗೆರೆಯದು ಕೆಳಗೆ, ಸಾಲುಗಳ ನಡುವೆ ಧಾರಾಳ ಜಾಗ. ಕಾರಿಡಾರಿನ ಆ ಕೊನೆಯಲ್ಲಿ ಲಿಫ್ಟಿನಿಂದ ಇಳಿದವರಿಗೂ ಕಾಣಬೇಕು ಎಂದು ಅಲ್ಲಿ ನಿಂತು ಅಳತೆ ನೋಡಿಕೊಂಡು ಬಂದೆ. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ನಗುವ ಚಿತ್ರದ ಪಕ್ಕಕ್ಕೇ ಹಚ್ಚಿದೆ.

ಅಂಟು ಒಣಗುವ ಮುಂಚೆಯೇ ಲೋಗೋ ಸಾಹೇಬ್ರು ಬಂದರು. "ಇದನ್ನ ಯಾರು ಹಾಕಿದ್ದು? ಯಾರ ಒಪ್ಪಿಗೆ ತಗೊಂಡ್ರಿ?"

"ಹೊಸದೇನೂ ಬರ್ದಿಲ್ಲ ಸಾರ್, ನಿಮ್ಮದೇ ವಾಕ್ಯ" ಎಂದೆ. "ಓದಕ್ಕಾಗಿಲ್ಲ ಅಂದ್ರೆ ಹಾಕಿದೋರ ತಪ್ಪು ಅಂತ ದೊಡ್ಡ ಡಾಕ್ಟರೇ ಹೇಳಿದ್ದಾರಲ್ಲ. ನಿಮ್ಮ ಮೇಲೆ ತಪ್ಪು ಬರೋದು ಬೇಡ ಅಂತ ದೊಡ್ಡದು ಮಾಡ್ದೆ."

ಅವರು ಹಾಳೆಯ ಮೂಲೆಗೆ ಕೈ ಹಾಕಿದರು, ಕೀಳಲು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಪಾಳಿ ಬದಲಾಗುವ ಹೊತ್ತು. ನರ್ಸುಗಳ ಗುಂಪು ಇಳಿಯಿತು, ಮಧ್ಯದಲ್ಲಿ ಅತ್ತಿಗೆ. ಅಲ್ಲಿಂದಲೇ ಯಾರೋ ಆ ವಾಕ್ಯವನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. ಲೋಪವು ಲೇಬಲ್ಲಿನದೆಂದು ಎನ್ನುವಲ್ಲಿಗೆ ಬರುವಾಗ ಓದುವ ದನಿಗಳು ನಾಲ್ಕೈದಾಗಿದ್ದವು. ಅತ್ತಿಗೆ ನಡೆಯುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, ದೂರದಿಂದಲೇ ಪೂರ್ತಿ ಓದಿದರು.

ಸಾಹೇಬರು ಹಾಳೆಯಿಂದ ಕೈ ತೆಗೆದರು.